ಕುಂಕುಮ ತಗೊಂಡು ಹೊರಡಿ

ಆ ಹೆಂಗಸು ನನಗೆ ಮೊದಲ ಸಲ ಕಂಡದ್ದು ಬ್ಯಾಂಕಿನಲ್ಲಿ, ಬೆಳಿಗ್ಗೆ ಹನ್ನೊಂದೂವರೆಗೆ. ನನ್ನ ಕೌಂಟರಿನ ಮುಂದೆ ಆರೇಳು ಜನ ಸಾಲಾಗಿ ನಿಂತಿದ್ದರು. ನಮ್ಮದು ಚಾಮರಾಜಪೇಟೆಯ ಹಳೆಯ ಸಹಕಾರಿ ಬ್ಯಾಂಕು. ತರಗುಪೇಟೆಯ ಮಂಡಿಯವರು, ಪಿಂಚಣಿಗೆ ಬರುವ ಅಜ್ಜಂದಿರು, ಪಾಸ್‌ಬುಕ್ಕಿನಲ್ಲಿ ಎಂಟ್ರಿ ಹಾಕಿಸದೆ ಊಟ ಸೇರದ ಅಜ್ಜಿಯರು. ಇಪ್ಪತ್ತೆರಡು ವರ್ಷದಿಂದ ನಾನು ಅಲ್ಲಿ ಗುಮಾಸ್ತೆ. ಸಾಲಿನ ಕೊನೆಯಲ್ಲಿ ಕಂದು ಸೀರೆಯ ಒಬ್ಬಳು ನಿಂತಿದ್ದಳು. ಸೀರೆಯ ಅಂಚಿನಲ್ಲಿ ಪುಟ್ಟ ಪುಟ್ಟ ಹಂಸಗಳಿದ್ದವು. ಅವುಗಳ ಕೊಕ್ಕೂ ಕಾಣುತ್ತಿತ್ತು. ಉಳಿದವರ ಕೆಲಸ ಮುಗಿಸಿ, ತಲೆಯೆತ್ತಿ, "ಬನ್ನಮ್ಮ, ಏನಾಗ್ಬೇಕಿತ್ತು?" ಎಂದೆ.

ಪಕ್ಕದ ಕೌಂಟರಿನ ಗೆಳತಿ ನನ್ನ ಕಡೆ ಬಾಗಿದಳು. "ಯಾರನ್ನ ಕರೀತಿದೀಯೇ? ಯಾರೂ ಇಲ್ವಲ್ಲ."

ನಾನು ಕಣ್ಣು ಮಿಟುಕಿಸಿದೆ. ಯಾರೂ ಇರಲಿಲ್ಲ. "ನಿನ್ನನ್ನೇ ಕಣೇ, ಕಾಫಿಗೆ," ಎಂದು ನಕ್ಕುಬಿಟ್ಟೆ. ಅವಳೂ ನಕ್ಕಳು. ಆದರೆ ನನ್ನ ನಗು ಬರೀ ತೋರಿಕೆಯದು. ಏಕೆಂದರೆ ಆ ಹೊತ್ತಿಗೆ ನನಗೆ ಎದುರಿಗೆ ಕೂತ ಮ್ಯಾನೇಜರರ ಮೀಸೆಯೇ ಕಾಣುತ್ತಿರಲಿಲ್ಲ. ಅಷ್ಟು ದೂರದ ಸೀರೆಯಲ್ಲಿ ಹಂಸದ ಕೊಕ್ಕು ಹೇಗೆ ಕಂಡಿತು?

ನನ್ನ ಕಣ್ಣಿನ ಕಾಯಿಲೆ ವಂಶದ್ದು. ಅಕ್ಷಿಪಟದ ನಡುಭಾಗ ಸವೆಯುತ್ತಾ ಹೋಗುತ್ತದೆ. ಯಾವುದನ್ನು ನೇರವಾಗಿ ನೋಡುತ್ತೇನೋ ಅದು ಮಾಯ. ಅದರ ಸುತ್ತಮುತ್ತಲಿನದು ಮಾತ್ರ ಮಸಕಾಗಿ ಉಳಿಯುತ್ತದೆ. ಮನುಷ್ಯರನ್ನು ನೋಡಿದರೆ ಕಿವಿ ಇದೆ, ಭುಜ ಇದೆ, ಮುಖ ಇಲ್ಲ. ಎರಡು ವರ್ಷ ಹೀಗೇ ಧ್ವನಿ ಕೇಳಿ, ನಡಿಗೆ ನೋಡಿ ಜನರನ್ನು ಗುರುತಿಸುತ್ತಾ ಕೆಲಸ ತಳ್ಳಿದ್ದೆ. ಇದು ನಮ್ಮ ಮನೆಗೆ ಹೊಸದಲ್ಲ. ನನ್ನ ಸೋದರತ್ತೆಗೂ ಇದೇ ಆಗಿತ್ತು.

ಅತ್ತೆಯ ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಚಾಮರಾಜಪೇಟೆಯಲ್ಲೇ ಇತ್ತು. ಅಪ್ಪನಿಗೆ ತರಗುಪೇಟೆಯಲ್ಲಿ ಬೇಳೆಕಾಳಿನ ಅಂಗಡಿ. ಕಣ್ಣು ಮಂಜಾಗಿ ಅನ್ನದಲ್ಲಿ ಕಲ್ಲು ಉಳಿಯತೊಡಗಿದ ಮೇಲೆ ಗಂಡ ಅತ್ತೆಯನ್ನು ತಂದು ತವರಿನಲ್ಲಿ ಬಿಟ್ಟುಹೋಗಿದ್ದ. ಹಿಂದುಗಡೆಯ ಕೋಣೆ ಅವಳದು. ಆ ಕೋಣೆಯಲ್ಲಿ ಅವಳು ಮಾತಾಡುತ್ತಿದ್ದಳು. "ಬನ್ನಿ, ಕೂತ್ಕೊಳ್ಳಿ," ಎನ್ನುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಆಯ್ತು, ಕುಂಕುಮ ತಗೊಂಡು ಹೊರಡಿ," ಎನ್ನುತ್ತಿದ್ದಳು. ಭರಣಿಯ ಮುಚ್ಚಳ ತೆಗೆದ ಸದ್ದು, ಮುಚ್ಚಿದ ಸದ್ದು. ನಮ್ಮ ಕಡೆ ಮನೆಗೆ ಬಂದ ಹೆಂಗಸಿಗೆ ಅರಿಶಿನ ಕುಂಕುಮ ಕೊಟ್ಟರೆ ಮುಗಿಯಿತು. ಬಂದವರು ಎದ್ದು ಹೊರಡಬೇಕು ಅಂತಲೇ ಅರ್ಥ. ಹೊರಡು ಅಂತ ಬಾಯ್ಬಿಟ್ಟು ಹೇಳುವುದು ಅಮರ್ಯಾದೆ, ಕುಂಕುಮ ಕೊಡುವುದು ಮರ್ಯಾದೆ. ಅತ್ತೆ ಕಣ್ಣಿಗೆ ಬಂದವರನ್ನೂ ಮರ್ಯಾದೆಯಿಂದಲೇ ಕಳಿಸುತ್ತಿದ್ದಳು. ಕೋಣೆಯಲ್ಲಿ ಮಾತ್ರ ಯಾರೂ ಇರುತ್ತಿರಲಿಲ್ಲ.

ಅಜ್ಜಿ ನನಗೆ ಕಟ್ಟುನಿಟ್ಟಾಗಿ ಹೇಳಿದ್ದಳು: "ಅವಳ ರೂಮಿಗೆ ಹೋಗ್ಬೇಡ. ಹೋದ್ರೂ ಬಾಯಿ ಬಿಡ್ಬೇಡ. ಅವಳಿಗೆ ಹಿಡ್ಕೊಂಡಿರೋದು ನಿನಗೂ ಹಿಡ್ಕೊಳ್ಳತ್ತೆ." ನಾನು ಹತ್ತು ವರ್ಷದವಳು. ಹೋಗಬೇಡ ಅಂದಮೇಲೆ ಹೋಗದೆ ಇರುವುದು ಹೇಗೆ. ಶಾಲೆಯಿಂದ ಬಂದು ದಿನಾ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಅಜ್ಜಿಯ ಮಾತು ಅರ್ಧ ಉಳಿಸಿಕೊಂಡಂತಾಗಲಿ ಎಂದು ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಒಂದು ದಿನ ಅತ್ತೆ ನನ್ನ ಕಡೆಗೇ ತಿರುಗಿದಳು. ತಡವುತ್ತಾ ಭರಣಿ ಎತ್ತಿ ಮುಂದೆ ಚಾಚಿದಳು. "ಕುಂಕುಮ ತಗೊಂಡು ಹೊರಡಮ್ಮ. ದಿನಾ ಬಂದು ಹೀಗೆ ನಿಂತ್ಕೋಬೇಡ," ಎಂದಳು. ನಾನು ಎದ್ದೆನೋ ಬಿದ್ದೆನೋ ಅಂತ ಓಡಿದೆ. ಎತ್ತಿ ಆಡಿಸಿದ ಅತ್ತೆಗೇ ನನ್ನ ಗುರುತು ಸಿಗಲಿಲ್ಲ, ನನ್ನನ್ನು ಹೊರಡು ಅಂದಳು ಎಂದು ಅಜ್ಜಿಯ ಮಡಿಲಲ್ಲಿ ಅತ್ತುಬಿಟ್ಟೆ. ಅಜ್ಜಿ ಅದನ್ನು ಅಪ್ಪನಿಗೆ ಹೇಳಿದಳು. ಮನೆಯ ಮಗುವೇ ತಿಳಿಯದ ಮೇಲೆ ಬುದ್ಧಿ ಪೂರ್ತಿ ಹೋದಂತೆ ಎಂದು ದೊಡ್ಡವರು ತೀರ್ಮಾನಿಸಿದರು. ಮಾರನೆಯ ದಿನ ಬಡಗಿ ಬಂದು ಅತ್ತೆಯ ಬಾಗಿಲಿನ ಚಿಲಕವನ್ನು ಒಳಗಿಂದ ತೆಗೆದು ಹೊರಗೆ ಹಾಕಿದ. ಆಮೇಲೆ ಅವಳು ಎರಡು ವರ್ಷ ಬದುಕಿದ್ದಳು.

ಆದ್ದರಿಂದ ಹಂಸದಂಚಿನ ಹೆಂಗಸು ನನಗೆ ಕಂಡಾಗ ನಾನು ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ, ಮಗಳಿಗೂ ಇಲ್ಲ. ಅವಳು ಬರುತ್ತಾ ಹೋದಳು. ಎನ್.ಆರ್. ಕಾಲೋನಿಯ ನಮ್ಮ ಮನೆಯ ವರಾಂಡದಲ್ಲಿ ಒಮ್ಮೆ, ಆಟೋದಲ್ಲಿ ನನ್ನ ಪಕ್ಕದಲ್ಲಿ ಒಮ್ಮೆ. ಕೆಲವು ಸಲ ಅವಳ ಜೊತೆ ಇನ್ನೂ ಇಬ್ಬರು. ಯಾರೂ ಮಾತಾಡುತ್ತಿರಲಿಲ್ಲ. ಸುಮ್ಮನೆ ಇರುತ್ತಿದ್ದರು. ಒಂದು ದಿನ ತಡೆಯಲಾರದೆ ನನ್ನ ಬಾಯಿಂದ ಅತ್ತೆಯ ಮಾತೇ ಬಂತು: "ಆಯ್ತು, ಕುಂಕುಮ ತಗೊಂಡು ಹೊರಡಿ." ಹೇಳಿ ಕಣ್ಣು ಜೋರಾಗಿ ಮಿಟುಕಿಸಿದೆ. ಹೊರಟುಹೋದಳು. ಅಂದಿನಿಂದ ಅದೇ ನನ್ನ ಮಂತ್ರವಾಯಿತು. ಹೇಳಿಕೊಳ್ಳಲು ನಾಚಿಕೆ, ಆದರೆ ಕೆಲಸ ಮಾಡುತ್ತಿತ್ತು.

ಈ ನಡುವೆ ಬ್ಯಾಂಕಿನಲ್ಲಿ ಚೆಕ್ಕೊಂದರ ಸಹಿಯನ್ನು ನಾನು ತಪ್ಪಾಗಿ ನೋಡಿದೆ. ಗಿರಾಕಿ ಒಳ್ಳೆಯವರು, ಗಲಾಟೆಯಾಗಲಿಲ್ಲ. ಮ್ಯಾನೇಜರ್ ಬಾಗಿಲು ಹಾಕಿಕೊಂಡು ಮಾತಾಡಿದರು. "ಮೇಡಂ, ಕೌಂಟರಲ್ಲಿ ನಿಮ್ಮನ್ನ ಇನ್ನು ಕೂರ್ಸೋಕಾಗಲ್ಲ. ಸಾಲದ ಅರ್ಜಿ ನೋಡೋ ಟೇಬಲ್ ಖಾಲಿ ಇದೆ. ಅಲ್ಲಿ ದೊಡ್ಡ ಸ್ಕ್ರೀನು, ಓದಿ ಹೇಳೋ ಸಾಫ್ಟ್‌ವೇರು ಎಲ್ಲ ಕೊಡ್ತೀವಿ. ಆದ್ರೆ ಆ ಟೇಬಲ್ಲಿಗೆ ಅರ್ಹತಾ ಪರೀಕ್ಷೆ ಪಾಸಾಗಿರ್ಬೇಕು. ಅದನ್ನ ನಾನೂ ಬದಲಾಯ್ಸೋಕಾಗಲ್ಲ, ಚೇರ್ಮನ್ನರೂ ಬದಲಾಯ್ಸೋಕಾಗಲ್ಲ." ಬ್ಯಾಂಕ್ ನೌಕರರಿಗೆಂದೇ ಇರುವ, ಎರಡು ಪೇಪರಿನ ಆ ಪರೀಕ್ಷೆಯನ್ನು ನಾನು ಹತ್ತು ವರ್ಷದಿಂದ ಮುಂದಕ್ಕೆ ತಳ್ಳುತ್ತಾ ಬಂದಿದ್ದೆ. ಈಗ ಪಾಸಾದರೆ ಟೇಬಲ್ಲು, ಇಲ್ಲವಾದರೆ ಸ್ವಯಂ ನಿವೃತ್ತಿ. ಮನೆಯಲ್ಲಿ ಕೂತರೆ ನನಗೆ ಯಾರು ಜೊತೆಯಾಗುತ್ತಾರೆ ಅನ್ನುವುದು ಗೊತ್ತಿತ್ತು.

ಕಣ್ಣು ಮಂದವಿದ್ದವರಿಗೆ ಪರೀಕ್ಷೆಯಲ್ಲಿ ಅನುಕೂಲಗಳಿವೆ. ಪ್ರಶ್ನೆ ಓದಿ ಹೇಳಲು, ನಾವು ಹೇಳಿದ ಉತ್ತರ ಗುರುತಿಸಲು ಒಬ್ಬರು ಸ್ಕ್ರೈಬ್. ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚು ಸಮಯ. ಎರಡು ಗಂಟೆಯ ಪರೀಕ್ಷೆಗೆ ನಲವತ್ತು ನಿಮಿಷ. ಆದರೆ ಕೇಳಬೇಕಾದದ್ದು ಪರೀಕ್ಷೆಯ ದಿನವಲ್ಲ, ಅರ್ಜಿ ಹಾಕುವಾಗಲೇ, ಕಾಗದಗಳ ಸಮೇತ. ಅಂಗವೈಕಲ್ಯದ ಗುರುತಿನ ಚೀಟಿ ನನ್ನ ಹತ್ತಿರ ಇತ್ತು. ಅದು ಸಾಲದು. ಪೂರ್ತಿ ಅಂಧರಿಗೆ ಚೀಟಿ ತೋರಿಸಿದರೆ ನಡೆಯುತ್ತದೆ. ನನ್ನಂಥ ಅರೆಗಣ್ಣಿನವರಿಗೆ 'ಇವರಿಗೆ ತಾವೇ ಬರೆಯಲಾಗದ ಮಿತಿ ಇದೆ' ಎಂದು ಸರ್ಕಾರಿ ಆಸ್ಪತ್ರೆಯ ಮುಖ್ಯಸ್ಥರ ಸಹಿಯಿರುವ ಇನ್ನೊಂದು ಪ್ರಮಾಣಪತ್ರ ಬೇಕು. ಕುರುಡಿಯಾಗಿದ್ದರೆ ಒಂದು ಕಾಗದ ಉಳಿಯುತ್ತಿತ್ತಲ್ಲ ಎಂದು ಗೊಣಗಿಕೊಂಡೇ ಹೋದೆ.

ಸರ್ಕಾರಿ ಕಣ್ಣಾಸ್ಪತ್ರೆಯ ಡಾಕ್ಟರಮ್ಮ ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ಕತ್ತಲ ಕೋಣೆಯಲ್ಲಿ ಗದ್ದ ಊರಿಸಿ, ಬೆಳಕು ಬಿಟ್ಟು, ಸಮಾಧಾನದಿಂದ ನೋಡಿದಳು. ಕೊನೆಗೆ, ಬರೆಯುತ್ತಲೇ ಕೇಳಿದಳು: "ಇಲ್ದೇ ಇರೋದು ಏನಾದ್ರೂ ಕಾಣತ್ತಾ ಅಮ್ಮ? ಜನ, ಮುಖ, ಹೂವಿನ ಡಿಸೈನು, ಆ ಥರ?"

ಅವಳ ಹಿಂದೆ, ಗೋಡೆಗೆ ಒರಗಿ ಹಂಸದಂಚಿನವಳು ನಿಂತಿದ್ದಳು.

"ಇಲ್ಲ," ಎಂದೆ. ಬೇಕಾದದ್ದಕ್ಕಿಂತ ಜೋರಾಗಿ ಹೇಳಿದೆನೇನೋ, ಡಾಕ್ಟರಮ್ಮ ತಲೆಯೆತ್ತಿ ನೋಡಿದಳು. "ಕಂಡ್ರೆ ಹೇಳಿ, ಹೆದರೋದೇನಿಲ್ಲ," ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಇನ್ನೊಮ್ಮೆ, "ನಮ್ಮ ಮನೇಲಿ ಯಾರಿಗೂ ಹಾಗೆಲ್ಲ ಇಲ್ಲ," ಎಂದೆ. ಅವಳು ಕೇಳಿದ್ದು ಮನೆಯವರ ವಿಷಯವಲ್ಲ. ನನಗೆ ಕೇಳಿಸುತ್ತಿದ್ದದ್ದು ಹಳೆಯ ಚಿಲಕದ ಸದ್ದು. ಪ್ರಮಾಣಪತ್ರದಲ್ಲಿ 'ಇಲ್ಲದವರು ಕಾಣುತ್ತಾರೆ' ಎಂದು ಬರೆದುಬಿಟ್ಟರೆ ಸಾಲದ ಟೇಬಲ್ಲಿರಲಿ, ನನ್ನನ್ನು ಬ್ಯಾಂಕಿನ ಮೆಟ್ಟಿಲೂ ಹತ್ತಿಸರು ಎಂದುಕೊಂಡೆ.

ಸ್ಕ್ರೈಬ್ ಹುಡುಕುವುದು ಮದುವೆಗೆ ಹೆಣ್ಣು ಹುಡುಕುವುದಕ್ಕಿಂತ ಕಷ್ಟ. ನಾನು ಪದವೀಧರೆ, ಹಾಗಾಗಿ ಸ್ಕ್ರೈಬ್ ಒಂದು ಮೆಟ್ಟಿಲು ಕೆಳಗೆ ಓದಿರಬೇಕು. ಮಗಳು ಬಿಕಾಂ, ಆಗದು. ಬ್ಯಾಂಕಿನವರು ಯಾರೂ ಆಗದು. ಓದಿದವರು ಬೇಡ, ಓದದಿದ್ದವರೂ ಬೇಡ. ಕೊನೆಗೆ ಸಿಕ್ಕಿದ್ದು ನಮ್ಮ ಹಿಂದಿನ ಬೀದಿಯಲ್ಲಿ ಸೀರೆಗೆ ಕುಚ್ಚು ಕಟ್ಟುವವಳು. ಕಾನ್ವೆಂಟಿನಲ್ಲಿ ಓದಿ ಪಿಯುಸಿ ಪಾಸಾಗಿ, ಅದೇ ವರ್ಷ ಮದುವೆಯಾದವಳು. ಇಂಗ್ಲಿಷ್ ಪೇಪರನ್ನು ಸರಾಗ ಓದುತ್ತಿದ್ದಳು. "ಅಕ್ಕಾ, ನಾನು ತಪ್ಪು ಒತ್ತಿಬಿಟ್ರೆ?" ಎಂದಳು. "ನಾನು ತಪ್ಪು ಹೇಳೋದ್ರ ಮುಂದೆ ಅದೇನು ಮಹಾ," ಎಂದೆ. ಅವಳ ಅಂಕಪಟ್ಟಿ, ಫೋಟೋ, ಇಬ್ಬರ ಸಹಿಯ ಒಪ್ಪಿಗೆ ಪತ್ರ, ಎಲ್ಲ ಸೇರಿಸಿದೆವು. ಅರ್ಜಿಯ ಕೊನೆಯಲ್ಲಿ ಒಂದು ಖಾನೆ ಇತ್ತು. ಅವಳು ಓದಿದಳು: 'ಪರೀಕ್ಷೆಯ ವೇಳೆ ಎದುರಾಗಬಹುದಾದ ಬೇರೆ ಯಾವುದೇ ತೊಂದರೆ, ಅದಕ್ಕೆ ಬೇಕಾದ ಅನುಕೂಲ.' "ಏನ್ ಬರೀಲಿ ಅಕ್ಕ?"

"ಇಲ್ಲ ಅಂತ ಬರಿ."

ಮೂರು ವಾರಕ್ಕೆ ಒಪ್ಪಿಗೆ ಬಂತು. ಸ್ಕ್ರೈಬ್ ಸರಿ, ಹೆಚ್ಚಿನ ಸಮಯ ಸರಿ, ಪ್ರತ್ಯೇಕ ಕೋಣೆ. ಗಟ್ಟಿಯಾಗಿ ಓದುವುದರಿಂದ ಬೇರೆಯವರಿಗೆ ತೊಂದರೆಯಾಗಬಾರದಲ್ಲ.

ಪರೀಕ್ಷೆ ಒಂದು ಭಾನುವಾರ, ಮಲ್ಲೇಶ್ವರದಲ್ಲಿ. ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಕಂಪ್ಯೂಟರ್ ಕೇಂದ್ರ. ಕೆಳಗಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮೆಟ್ಟಿಲು ಹತ್ತುವಾಗ ನಮ್ಮಿಬ್ಬರ ಹೆಜ್ಜೆಯ ಜೊತೆ ಮೂರನೆಯ ಹೆಜ್ಜೆಯೂ ಕೇಳಿದಂತಾಯಿತು. ನಿಂತೆ, ಅದೂ ನಿಂತಿತು. ಪ್ರತಿಧ್ವನಿ ಅಂತ ಮನಸ್ಸಿಗೆ ಹೇಳಿಕೊಂಡೆ. ನಮ್ಮ ಕೋಣೆ ಕಾರಿಡಾರಿನ ತುದಿಯಲ್ಲಿತ್ತು. ಒಂದು ಕಂಪ್ಯೂಟರು, ಎರಡು ಕುರ್ಚಿ, ಮೂಲೆಯಲ್ಲಿ ಕ್ಯಾಮೆರಾ, ಗೋಡೆ ಬದಿಗೆ ಇನ್ನು ಮೂರು ಕುರ್ಚಿ. ಕಿಟಕಿಗೆ ಕಪ್ಪು ಕಾಗದ ಅಂಟಿಸಿದ್ದರು. ಮೇಲ್ವಿಚಾರಕರು ದಪ್ಪ ದನಿಯ ಗಂಡಸು. ಸ್ಕ್ರೈಬಿಗೆ ಖಡಾಖಂಡಿತವಾಗಿ ಹೇಳಿದರು: "ಪ್ರಶ್ನೆ, ಆಯ್ಕೆಗಳು, ಅಷ್ಟೇ ಓದ್ಬೇಕು. ಅದು ಬಿಟ್ಟು ಇವರ ಜೊತೆ ಒಂದು ಮಾತೂ ಆಡೋ ಹಾಗಿಲ್ಲ. ಕ್ಯಾಮೆರಾದಲ್ಲಿ ಮಾತೂ ರೆಕಾರ್ಡ್ ಆಗತ್ತೆ." ಅವಳು ಹೆದರಿ ತಲೆಯಾಡಿಸಿದಳೆಂದು ಕಾಣುತ್ತದೆ, ಜುಮುಕಿಯ ಸದ್ದು ಬಂತು.

ಮೊದಲ ಗಂಟೆ ಚೆನ್ನಾಗಿಯೇ ಹೋಯಿತು. ಅವಳು ಓದುವುದು, ನಾನು ಕಣ್ಣು ಮುಚ್ಚಿ ಕೇಳುವುದು, "ಸಿ" ಎನ್ನುವುದು, ಮೌಸ್ ಕ್ಲಿಕ್. ಕಣ್ಣು ತೆರೆದಾಗೊಮ್ಮೆ ಗೋಡೆ ಬದಿಯ ಕುರ್ಚಿಯಲ್ಲಿ ಹಂಸದಂಚಿನವಳು ಕೂತಿದ್ದಳು. ಬರುತ್ತಾಳೆಂದು ನನಗೆ ಗೊತ್ತೇ ಇತ್ತು. ಮಾತಾಡದೆ ಬರೀ ಕಣ್ಣು ಮಿಟುಕಿಸಿ ಕಳಿಸಿದೆ. ಮತ್ತೆ ಕಣ್ಣು ಮುಚ್ಚಿ ಕೇಳತೊಡಗಿದೆ. ಎಂಬತ್ತನೆಯ ಪ್ರಶ್ನೆಯ ಹತ್ತಿರ ಒಂದು ಲೆಕ್ಕ ಬಂತು, ತಲೆಯಲ್ಲೇ ಮಾಡಬೇಕು. ಅರ್ಧಕ್ಕೆ ಬಂದಿದ್ದೆ, ಕಣ್ಣು ತೆರೆದೆ, ಕಣ್ಣಂಚಿನಲ್ಲಿ ಮತ್ತೆ ಕಂದು ಸೀರೆ. ಈಗ ಕುರ್ಚಿ ಬಿಟ್ಟು ಇನ್ನೂ ಹತ್ತಿರ, ನನ್ನ ಬಲಗಡೆ ನಿಂತಿದ್ದಳು. ಮಿಟುಕಿಸಿದೆ. ಹೋಗಲಿಲ್ಲ. ಮತ್ತೆ ಮಿಟುಕಿಸಿದೆ. ನಿಂತೇ ಇದ್ದಳು. ಲೆಕ್ಕ ತಲೆಯಿಂದ ಜಾರಿಹೋಯಿತು. ಸಿಟ್ಟು ನೆತ್ತಿಗೇರಿತು.

"ಆಯ್ತು ತಾಯಿ, ಕುಂಕುಮ ತಗೊಂಡು ಹೊರಡಿ," ಎಂದೆ.

"ನಾನು ಹೊರಡೋ ಹಾಗಿಲ್ಲ," ಎಂದಳು ಅವಳು. "ಪರೀಕ್ಷೆ ಮುಗಿಯೋವರ್ಗೂ ಇಲ್ಲೇ ಇರ್ಬೇಕು."

ಆ ಕ್ಷಣವನ್ನು ಹೇಗೆ ಹೇಳಲಿ. ಅವರು ಎಂದೂ ಮಾತಾಡಿರಲಿಲ್ಲ. ಅದೊಂದನ್ನೇ ಹಿಡಿದುಕೊಂಡು ನಾನು ಇಷ್ಟು ದಿನ ಧೈರ್ಯವಾಗಿದ್ದೆ: ಕಾಣುತ್ತಾರೆ, ಕಾಣಲಿ, ಮಾತಂತೂ ಆಡುವುದಿಲ್ಲವಲ್ಲ. ಈಗ ಮಾತೂ ಬಂತು. ಅತ್ತೆಗೂ ಹೀಗೇ ಒಂದು ದಿನ ಅವರು ಉತ್ತರ ಕೊಟ್ಟಿರಬೇಕು, ಅವಳು ಮುಗಿದದ್ದು ಆ ದಿನವೇ ಇರಬೇಕು ಅನ್ನಿಸಿತು. ಪಕ್ಕದವಳ ತೋಳು ಹಿಡಿದು ಕೇಳಿದೆ, "ಅಲ್ಲಿ ಯಾರಾದ್ರೂ ಇದಾರೇನೇ?"

ಅವಳು ಉತ್ತರಿಸಲಿಲ್ಲ.

"ಹೇಳೇ, ಇದಾರಾ?"

ಅವಳ ಬಾಯಿಂದ ಒಂದಕ್ಷರ ಇಲ್ಲ. ಅವಳೂ ನಿಜವಾಗಿ ನನ್ನ ಪಕ್ಕದಲ್ಲಿದ್ದಾಳೋ ಇಲ್ಲವೋ ಎಂಬ ಅನುಮಾನ ಬಂತು ನನಗೆ.

"ಅವರು ಮಾತಾಡೋ ಹಾಗಿಲ್ಲ," ಎಂದಿತು ಅದೇ ದನಿ. "ನನ್ನನ್ನ ಕೇಳಿ. ಯಾರ ಹತ್ರ ಹೊರಡಿ ಅಂತಿದೀರಿ ನೀವು?"

ಅದು ನಿಜವಾದ ಹೆಂಗಸು. ಮೊದಲಿದ್ದ ಗಂಡಸಿನ ಜಾಗಕ್ಕೆ ಅರ್ಧದಲ್ಲಿ ಬಂದ ಮೇಲ್ವಿಚಾರಕಿ. ತೊಂದರೆಯಾಗದಿರಲೆಂದು ಚಪ್ಪಲಿ ಹೊರಗೆ ಬಿಟ್ಟು, ಸದ್ದಿಲ್ಲದೆ ಬಂದಿದ್ದರು. ನನ್ನ ಕುಚ್ಚಿನವಳು ಬಾಗಿಲು ತೆರೆದದ್ದನ್ನು ನೋಡಿದ್ದಳು. ಆದರೆ ಪ್ರಶ್ನೆ ಬಿಟ್ಟು ಒಂದು ಮಾತೂ ಆಡುವಂತಿಲ್ಲವಲ್ಲ. ನಾನಾದರೂ ಯೋಚಿಸಬೇಕಿತ್ತು: ಈ ಕಂದು ಸೀರೆಯಲ್ಲಿ ಹಂಸ ಕಾಣುತ್ತಿರಲಿಲ್ಲ, ಅಂಚೇ ಕಾಣುತ್ತಿರಲಿಲ್ಲ. ನನಗೆ ನಿಜದವರು ಮಸಕು, ಇಲ್ಲದವರೇ ಸ್ಪಷ್ಟ. ಲೆಕ್ಕದ ನಡುವೆ ಅದೆಲ್ಲ ಎಲ್ಲಿ ಹೊಳೆಯಬೇಕು.

ಅವರು ಕೇಂದ್ರದ ಮುಖ್ಯಸ್ಥರನ್ನು ಕರೆದರು. ಅವರು ಬಂದವರೇ, "ಕಿವೀಲಿ ಏನಾದ್ರೂ ಇಟ್ಕೊಂಡಿದೀರಾ?" ಎಂದು ಕೇಳಿದರು. ಹೊರಗಿನವರ ಜೊತೆ ಮಾತಾಡುತ್ತಿದ್ದೇನೆಂದು ಅವರ ಅನುಮಾನ. ಮೇಲ್ವಿಚಾರಕಿ ನನ್ನ ಕೂದಲು ಸರಿಸಿ ಕಿವಿ ನೋಡಿದರು, ಲೋಹ ಪತ್ತೆಹಚ್ಚುವ ಯಂತ್ರ ಆಡಿಸಿದರು. ಏನೂ ಇಲ್ಲ. ಸ್ಕ್ರೀನಿನಲ್ಲಿ ಗಡಿಯಾರ ಓಡುತ್ತಲೇ ಇತ್ತು. ಅದನ್ನು ನಿಲ್ಲಿಸುವುದು ತಮ್ಮ ಕೈಯಲ್ಲಿಲ್ಲ ಎಂದರು. ಮುಖ್ಯಸ್ಥರು ಕೆಟ್ಟವರಲ್ಲ. ದನಿ ತಗ್ಗಿಸಿ, "ದೇವರನಾಮ ಏನಾದ್ರೂ ಹೇಳ್ಕೊಂಡ್ರಾ ಅಮ್ಮ? ಹಾಗಿದ್ರೆ ಹಾಗೇ ಬರ್ಕೊಂಡು ಬಿಟ್ಟುಬಿಡ್ತೀನಿ," ಎಂದರು.

ಹೂಂ ಅನ್ನಬಹುದಿತ್ತು. ಆದರೆ 'ಹೊರಡಿ' ಅಂದದ್ದು ರೆಕಾರ್ಡ್ ಆಗಿತ್ತು; ಯಾವ ದೇವರನ್ನು ಹೊರಡಿ ಅಂತ ಕಳಿಸುತ್ತಾರೆ? ನಕಲು ಅಂತ ಬಂದರೆ ಪರೀಕ್ಷೆ ರದ್ದು, ಟೇಬಲ್ಲೂ ಇಲ್ಲ, ಜೊತೆಗೆ ಆ ಬಡಪಾಯಿ ಕುಚ್ಚಿನವಳ ಹೆಸರಿಗೂ ಮಸಿ. ಅದಕ್ಕಿಂತ ಹೆಚ್ಚಾಗಿ ನನಗೆ ಸಾಕಾಗಿತ್ತು. ಬಚ್ಚಿಟ್ಟು ಬಚ್ಚಿಟ್ಟು ಸುಸ್ತಾಗಿತ್ತು.

"ನನಗೆ ಇಲ್ದೇ ಇರೋರು ಕಾಣ್ತಾರೆ ಸಾರ್," ಎಂದೆ. "ಒಂದು ವರ್ಷದಿಂದ. ಇವರನ್ನೂ ಹಾಗೇ ಅಂದ್ಕೊಂಡೆ."

ಮೇಲ್ವಿಚಾರಕಿ ಕೇಳಿದರು, "ಈಗ್ಲೂ ಕಾಣ್ತಿದಾರಾ?"

ನೋಡಿದೆ. "ಹೂಂ. ನಿಮ್ಮ ಪಕ್ಕದಲ್ಲೇ."

ಅವರು ಮೆಲ್ಲಗೆ ಎರಡು ಹೆಜ್ಜೆ ಈ ಕಡೆ ಸರಿದರು. ನಗು ಬರಬೇಕಿತ್ತು, ಬರಲಿಲ್ಲ.

ನಡೆದದ್ದನ್ನು ನಾನು ಹೇಳಿದೆ, ಮುಖ್ಯಸ್ಥರ ಅನುಮತಿ ಪಡೆದು ಕುಚ್ಚಿನವಳು ಬರೆದಳು, ನಾನು ಸಹಿ ಹಾಕಿದೆ. "ಪರೀಕ್ಷೆ ಮುಂದುವರಿಸಿ. ಆದ್ರೆ ಫಲಿತಾಂಶ ತಡೆಹಿಡೀತಾರೆ. ಅರ್ಜೀಲಿ ಬೇರೆ ತೊಂದರೆ ಇಲ್ಲ ಅಂತ ನೀವೇ ಬರ್ದಿದೀರಿ. ಡಾಕ್ಟರ್ ಪತ್ರ ಕೊಟ್ರೆ ನೋಡ್ತಾರೆ," ಎಂದರು ಮುಖ್ಯಸ್ಥರು. ಹದಿನಾಲ್ಕು ನಿಮಿಷ ಹೋಗಿತ್ತು. ಆ ಹೆಚ್ಚಿನ ನಲವತ್ತು ನಿಮಿಷ ಇಲ್ಲದಿದ್ದರೆ ನನ್ನ ಕಥೆ ಅಲ್ಲೇ ಮುಗಿಯುತ್ತಿತ್ತು. ಉಳಿದ ಪ್ರಶ್ನೆಗಳಿಗೆ ಏನು ಹೇಳಿದೆನೋ ನೆನಪಿಲ್ಲ. ಹಂಸದಂಚಿನವಳು ಕೊನೆಯವರೆಗೂ ಇದ್ದಳು.

ಮೂರನೆಯ ದಿನ ಕಣ್ಣಾಸ್ಪತ್ರೆಗೆ ಹೋದೆ. ಈ ಸಲ ಮಗಳನ್ನೂ ಕರೆದುಕೊಂಡು ಹೋದೆ, ಏನು ಬೇಕಾದರೂ ಬರೆದುಕೊಡಲಿ ಎಂದು ಗಟ್ಟಿ ಮನಸ್ಸು ಮಾಡಿದ್ದೆ. ಡಾಕ್ಟರಮ್ಮ ಎಲ್ಲ ಕೇಳಿ, "ನಾನು ಕೇಳಿದ್ನಲ್ಲಮ್ಮ ಅವತ್ತೇ," ಎಂದಳು, ಬೈಗುಳದ ಹಾಗಲ್ಲ. "ಇದು ಹುಚ್ಚಲ್ಲ. ಕಣ್ಣು ಕಳಿಸೋದು ನಿಲ್ಲಿಸಿದಾಗ ಮಿದುಳು ತಾನೇ ಚಿತ್ರ ಬರ್ಕೊಳ್ಳತ್ತೆ. ಕಣ್ಣು ಹೋಗ್ತಿರೋರಲ್ಲಿ ಎಷ್ಟೋ ಜನಕ್ಕೆ ಆಗತ್ತೆ. ಹುಚ್ಚು ಅಂತಾರೆ ಅಂತ ಹೆದ್ರಿ ಯಾರೂ ಬಾಯಿ ಬಿಡಲ್ಲ, ಅಷ್ಟೇ. ಅವು ಬರೀ ಚಿತ್ರ. ಮಾತಾಡಲ್ಲ. ಮಾತಾಡಿದ್ರೆ ಅದು ನಿಜವಾದ ಮನುಷ್ಯರು ಅಂತ ತಿಳ್ಕೊಳ್ಳಿ."

"ನಮ್ಮ ಅತ್ತೆಗೂ ಕಾಣ್ತಿತ್ತು," ಎಂದೆ. ಮಗಳು ನನ್ನ ಕಡೆ ತಿರುಗಿದಳು. ಅವಳಿಗೆ ಆ ಅತ್ತೆಯ ಹೆಸರೂ ಗೊತ್ತಿರಲಿಲ್ಲ.

"ಅವರನ್ನ ಯಾರಿಗಾದ್ರೂ ತೋರಿಸಿದ್ರಾ?"

"ಇಲ್ಲ. ಬಾಗ್ಲು ಹಾಕಿಟ್ರು."

ಡಾಕ್ಟರಮ್ಮ ಪತ್ರ ಬರೆದುಕೊಟ್ಟಳು. ಅದನ್ನು ಕಳಿಸಿದ ಒಂದೂವರೆ ತಿಂಗಳಿಗೆ ಫಲಿತಾಂಶ ಬಿಟ್ಟರು. ಪಾಸು, ಅಂಚಿನಲ್ಲಿ. ಆದರೆ ಪರೀಕ್ಷೆಗೆ ಇನ್ನೊಂದು ಪೇಪರ್ ಇತ್ತು, ಅದೂ ಆದರೇ ಟೇಬಲ್ಲು. ಮತ್ತೆ ಅದೇ ಅರ್ಜಿ, ಅದೇ ಕುಚ್ಚಿನವಳು, ನಮ್ಮ ವರಾಂಡದಲ್ಲಿ. ಕೊನೆಯ ಖಾನೆಗೆ ಬಂದಾಗ ಅವಳು ಪೆನ್ನು ಎತ್ತಿಹಿಡಿದಳು. "ಈ ಸಲಾನೂ ಇಲ್ಲ ಅಂತಾನಾ ಅಕ್ಕ?"

"ಇದೆ ಅಂತ ಬರಿ," ಎಂದೆ. "ಇಲ್ಲದವರು ಕಾಣುತ್ತಾರೆ, ಡಾಕ್ಟರ್ ಪತ್ರ ಲಗತ್ತಿಸಿದೆ ಅಂತ ಬರಿ. ಬೇಕಾದ ಅನುಕೂಲ: ಕೋಣೆಗೆ ಯಾರು ಬಂದರೂ ಬಾಯ್ಬಿಟ್ಟು ಹೇಳಬೇಕು. ಅಷ್ಟು ಸಾಕು."

ಒಪ್ಪಿದರು. ಎರಡನೆಯ ಪೇಪರಿನ ದಿನ ಅದೇ ಕೋಣೆ, ಅದೇ ಕಪ್ಪು ಕಾಗದದ ಕಿಟಕಿ. ಗೋಡೆ ಬದಿಗೆ ಮೂವರು ಕೂತಿದ್ದರು, ಮೂವರ ಸೀರೆಯಂಚೂ ಸ್ಪಷ್ಟ, ನಾನು ಅವರ ಗೊಡವೆಗೆ ಹೋಗಲಿಲ್ಲ. ನಡುವೆ ಬಾಗಿಲು ಸರಿಯಿತು. "ನಾನಮ್ಮ, ಬಂದಿದೀನಿ. ನಿಮ್ಮ ಬಲಗಡೆ ನಿಂತಿದೀನಿ," ಎಂದಿತು ಹೆಣ್ಣುದನಿ, ಹೋದ ಸಲದ್ದೇ.

"ಸರಿಮ್ಮ," ಎಂದೆ. ಮುಂದಿನ ಪ್ರಶ್ನೆ ಓದು ಎಂದು ಪಕ್ಕದವಳಿಗೆ ಹೇಳುವುದನ್ನೇ ಮರೆತೆ. ಆ ಹೊತ್ತಿನಲ್ಲಿ ನನ್ನ ಕಣ್ಣ ಮುಂದಿದ್ದದ್ದು ಚಾಮರಾಜಪೇಟೆಯ ಮನೆಯ ಹಿಂದುಗಡೆಯ ಕೋಣೆಯ ಬಾಗಿಲು. ಅತ್ತೆಗೆ ನನ್ನ ಗುರುತು ಸಿಗದೆ ಇದ್ದದ್ದಲ್ಲ. ದಿನಾ ಸಂಜೆ ಬಂದು, ಬಾಗಿಲಲ್ಲಿ ನಿಂತು, ಒಂದು ಮಾತೂ ಆಡದ ಹುಡುಗಿಯನ್ನು ಅವಳು ಇಲ್ಲದವರಲ್ಲೇ ಒಬ್ಬಳು ಅಂದುಕೊಂಡಿದ್ದಳು. ಅದಕ್ಕೇ ಮರ್ಯಾದೆಯಿಂದ ಕುಂಕುಮ ಚಾಚಿದಳು. 'ಅತ್ತೆ, ನಾನು' ಎಂದು ನಾನು ಅಂದಿದ್ದರೆ ಸಾಕಿತ್ತು.

"ಅಮ್ಮ, ಹುಷಾರಾಗಿದೀರಾ?" ಎಂದರು ಮೇಲ್ವಿಚಾರಕಿ. ಹೂಂ ಎಂದೆ. ಕಣ್ಣೊರೆಸಿಕೊಂಡು ಪಕ್ಕದವಳಿಗೆ ಓದಲು ಹೇಳಿದೆ.